ಒಂಬತ್ತನೇ ನಿಮಿಷದ ಹಾಡಿಗೆ ಮಕ್ಕಳು ಎದ್ದು ಹೋದರು: ಏಡಿಯ ಹಾಡನ್ನು ಎಲ್ಲಿಡಲಿ, ಹೇಗೆ ಬರೆಯಲಿ?

ಪಡುಕೆರೆ ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಮಂದಿ ಸೇರಿ ಮಕ್ಕಳಿಗಾಗಿ 62 ನಿಮಿಷದ ಅನಿಮೇಷನ್ ಚಿತ್ರ ಮಾಡುತ್ತಿದ್ದೇವೆ. ಕಥಾನಾಯಕ ಒಂದು ಸಣ್ಣ ಏಡಿ. ನಮ್ಮ ಮಲ್ಪೆ ಕಡೆಯ ದಂಡೆಯಲ್ಲಿ ಶಂಖದೊಳಗೆ ಕುಳಿತು ಓಡಾಡುತ್ತದಲ್ಲ, ಪುಸ್ತಕದಲ್ಲಿ ಸನ್ಯಾಸಿ ಏಡಿ ಎನ್ನುತ್ತಾರಲ್ಲ, ಅದು. ಹೆಸರು ಪುಟ್ಟಣ. ಬೆಳೆದಂತೆ ಅವನ ಶಂಖ ಬಿಗಿಯಾಗುತ್ತದೆ, ಹೊಸ ಮನೆ ಹುಡುಕಿಕೊಂಡು ಹೊರಡುತ್ತಾನೆ. ಕತೆ ಇಷ್ಟೇ.

ಒಂಬತ್ತನೇ ನಿಮಿಷದಲ್ಲಿ ಒಂದು ಹಾಡಿದೆ. ಅವಧಿ 3 ನಿಮಿಷ 10 ಸೆಕೆಂಡ್, ಮೂರು ಚರಣ. ಪಲ್ಲವಿ ಹೀಗಿದೆ:

*ಕನಸಿನೊಂದು ಅರಮನೆಯಲಿ ಬೆಳಕಿನೊಂದು ಹಾಡಿದೆ*

ಬರೆದವನು ನಾನೇ, ನನಗೆ ಬಹಳ ಇಷ್ಟವೂ ಆಗಿತ್ತು. ಕಳೆದ ಭಾನುವಾರ ಸ್ಟೋರಿಬೋರ್ಡ್ ಚಿತ್ರಗಳನ್ನು ಹಾಡಿಗೆ ಜೋಡಿಸಿದ ಕಚ್ಚಾ ಅನಿಮ್ಯಾಟಿಕ್ಕನ್ನು ನಮ್ಮ ಬೀದಿಯ ಹನ್ನೊಂದು ಮಕ್ಕಳಿಗೆ ತೋರಿಸಿದೆ. ಮೊದಲ ಚರಣದವರೆಗೆ ಸುಮ್ಮನಿದ್ದರು. ಎರಡನೆಯದಕ್ಕೆ ಇಬ್ಬರು ನೀರು ಕುಡಿಯಲು ಎದ್ದರು. ಮೂರನೆಯದಕ್ಕೆ ಬರುವಾಗ ಚಾವಡಿಯಲ್ಲಿ ಉಳಿದದ್ದು ನಾಲ್ಕೇ ಮಂದಿ, ಅದರಲ್ಲೊಬ್ಬಳು ನನ್ನ ಅಕ್ಕನ ಮಗಳು, ಮರ್ಯಾದೆಗೆ ಕುಳಿತವಳು. ಹಾಡು ಮುಗಿದ ಮೇಲೆ ಎಲ್ಲರೂ ಮರಳಿ ಬಂದು ಕತೆ ನೋಡಿದರು. ಅಂದರೆ ತಪ್ಪು ಹಾಡಿನದೇ. ಎಲ್ಲಿ ಕೆಟ್ಟಿದೆ ಹೇಳಿ.

ಕೊಡಿಯಾಲದ ಕೇಳುಗ
ಹಾಡು ತೆಗೆದುಬಿಡಿ. ಸಮಸ್ಯೆ ಮುಗಿಯಿತು.

ಕಾಪು ಟೀಚರ್
ತೆಗೆಯಬೇಡಿ ತಮ್ಮ. ಮಕ್ಕಳಿಗೆ ಹಾಡು ಬೇಕೇ ಬೇಕು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದ ವರ್ಷ ಮೀನುಗಳ ನೃತ್ಯ ಮಾಡಿಸಿದ್ದೆ. ಮೂವತ್ತು ಮಕ್ಕಳು, ಎರಡು ವಾರ ಅಭ್ಯಾಸ. ನನ್ನ ಅನುಭವದಲ್ಲಿ ಕಷ್ಟ ಹಾಡಿನದ್ದಲ್ಲ, ವೇಷದ್ದು. ಏಡಿಯ ಬೆನ್ನಿಗೆ ಶಂಖ ಹೊಲಿಯುವವರು ಯಾರು? ಥರ್ಮೋಕೋಲ್ ಆದರೆ ಕುಣಿಯುವಾಗ ಒಡೆಯುತ್ತದೆ, ಬಟ್ಟೆಯೊಳಗೆ ಹತ್ತಿ ತುಂಬಿಸಿ.

ಪಡುಕೆರೆ ಹುಡುಗ
ಟೀಚರ್, ಇದು ಚಿತ್ರ ಬಿಡಿಸಿ ಮಾಡುವ ಸಿನಿಮಾ. ವೇಷ ಬೇಡ.

ಕಾಪು ಟೀಚರ್
ಓಹೋ. ಆದರೂ ಹತ್ತಿಯ ಮಾತು ಯಾರಿಗಾದರೂ ಉಪಯೋಗಕ್ಕೆ ಬಂದೀತು, ಇರಲಿ.

ಮಣ್ಣಪಳ್ಳ
ನಾನು ಹದಿನಾಲ್ಕು ವರ್ಷ ಅನಿಮೇಷನ್ ಸ್ಟುಡಿಯೋಗಳಲ್ಲಿ ಟೈಮಿಂಗ್ ಕೆಲಸ ಮಾಡಿದವಳು, ಈಗ ಮಣಿಪಾಲದಲ್ಲಿ ಮನೆಯಿಂದಲೇ ಅದನ್ನು ಮುಂದುವರಿಸಿದ್ದೇನೆ. ಮೊದಲು ಒಂದು ಪ್ರಶ್ನೆ. ಒಂಬತ್ತನೇ ನಿಮಿಷದ ಹೊತ್ತಿಗೆ ಪುಟ್ಟಣನ ಶಂಖ ಬಿಗಿಯಾಗಿದೆಯೇ? ಹಾಡು ಶುರುವಾಗುವಾಗ ಅವನು ಎಲ್ಲಿರುತ್ತಾನೆ, ಮುಗಿಯುವಾಗ ಎಲ್ಲಿರುತ್ತಾನೆ?

ಪಡುಕೆರೆ ಹುಡುಗ
ಇಲ್ಲ ಅಕ್ಕ, ಬಿಗಿಯಾಗುವುದು ಹದಿಮೂರನೇ ನಿಮಿಷದಲ್ಲಿ. ಹಾಡಿನಲ್ಲಿ ಅವನು ಗಾಳಿಮರದ ಬೇರಿನ ಹತ್ತಿರ ಕುಳಿತು ದೊಡ್ಡ ಮನೆಯ ಕನಸು ಕಾಣುತ್ತಾನೆ. ಮುಗಿಯುವಾಗಲೂ ಅಲ್ಲಿಯೇ ಇರುತ್ತಾನೆ.

ಮಣ್ಣಪಳ್ಳ
ಹಾಗಾದರೆ ಮಕ್ಕಳು ಎದ್ದದ್ದು ಸರಿಯೇ. ಅವನಿಗೆ ಇನ್ನೂ ಏನೂ ನೋವಾಗಿಲ್ಲ. ಕೊರತೆ ಇಲ್ಲದವನು ಮೂರು ನಿಮಿಷ ಬೇಡಿಕೆ ಹಾಡಿದರೆ ಆರು ವರ್ಷದ ಮಗು ಯಾಕೆ ಕೇಳಬೇಕು? ನಾವು ಮಾಡುವ ಪರೀಕ್ಷೆ ಸರಳ. ಹಾಡನ್ನು ಕತ್ತರಿಸಿ ತೆಗೆದು, ಹಿಂದಿನ ದೃಶ್ಯಕ್ಕೆ ಮುಂದಿನ ದೃಶ್ಯವನ್ನು ನೇರವಾಗಿ ಅಂಟಿಸಿ ನೋಡಿ. ಕತೆ ಅರ್ಥವಾದರೆ ಆ ಹಾಡು ತಪ್ಪು ಜಾಗದಲ್ಲಿದೆ. ನಿಮ್ಮದರಲ್ಲಿ ಖಂಡಿತ ಅರ್ಥವಾಗುತ್ತದೆ.

ಹದಿಮೂರನೇ ನಿಮಿಷಕ್ಕೆ ತೆಗೆದುಕೊಂಡು ಹೋಗಿ. ಆದರೆ ಶಂಖ ಬಿಗಿಯಾಯಿತು, ಅಯ್ಯೋ, ಆಮೇಲೆ ಹಾಡು ಎಂದು ಮಾಡಬೇಡಿ. ಬಿಗಿಯಾಗುವುದೇ ಹಾಡಿನ ಮೊದಲ ಸಾಲಾಗಲಿ. ಹುಡುಕಾಟವೂ ಹಾಡಿನೊಳಗೆ ನಡೆಯಲಿ. ಹಾಡು ಮುಗಿಯುವಾಗ ಅವನು ಬೇರೆ ಜಾಗದಲ್ಲಿ, ಬೇರೆ ಸ್ಥಿತಿಯಲ್ಲಿ ಇರಬೇಕು.

ಹಿಮ್ಮೇಳ ಭಟ್ಟ
ಅಕ್ಕ ಹೇಳಿದ್ದನ್ನು ನಮ್ಮ ಯಕ್ಷಗಾನ ಯಾವಾಗಲೋ ಮಾಡಿದೆ ಮಾರಾಯರೇ. ಪ್ರಸಂಗದಲ್ಲಿ ಪದ್ಯವೇ ಕತೆ. ಭಾಗವತರು ಪದ್ಯ ಹಾಡದೆ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ವೇಷಧಾರಿ ಮಾತನಾಡುವುದು ಆ ಪದ್ಯಕ್ಕೆ ಅರ್ಥ ಹೇಳಲು. ಸಿನಿಮಾದವರು ಇದನ್ನು ತಲೆಕೆಳಗು ಮಾಡಿ, ಮಾತಿನಲ್ಲಿ ಕತೆ ಮುಗಿಸಿ ಹಾಡಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು. ನಿಧಾನವಾಗಿ ಶುರು ಮಾಡಿ ಕೊನೆಗೆ ಏರುಪದದ ಹಾಗೆ ವೇಗ ಏರಿಸುತ್ತಾ ಹೋಗಿ. ತಾಳವನ್ನು ಈಗಲೇ ಕಟ್ಟಿಹಾಕಬೇಡಿ. ಚಿತ್ರ ಬಿಡಿಸಿದ ಮೇಲೆ ಕುಣಿತ ನೋಡಿಕೊಂಡು ಹಾಡಿದರಾಯಿತು. ನಾವು ವೇಷದ ಕಾಲು ನೋಡಿಯೇ ಬಾರಿಸುವುದು.

ಮಣ್ಣಪಳ್ಳ
ಭಟ್ಟರೇ, ಮೊದಲ ಪ್ಯಾರಾಕ್ಕೆ ಕೈ ಮುಗಿದೆ. ಎರಡನೆಯದಕ್ಕೆ ಜಗಳ. ವೇಷಧಾರಿಯ ಕಾಲು ನಿಮ್ಮ ಕಣ್ಣ ಮುಂದಿದೆ, ನಿಮ್ಮ ಮದ್ದಳೆ ಅವನ ಕಿವಿಯಲ್ಲಿದೆ, ಇಬ್ಬರೂ ಅಲ್ಲೇ ಹೊಂದಿಸಿಕೊಳ್ಳುತ್ತೀರಿ. ಬಿಡಿಸಿದ ಏಡಿ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಅನಿಮೇಷನ್ನಿನಲ್ಲಿ ಹಾಡು ಮೊದಲು, ಚಿತ್ರ ಆಮೇಲೆ. ಕೊನೆಯ ಗಾಯನ ಆಮೇಲೆ ಧ್ವನಿಮುದ್ರಣವಾದರೂ ಅಡ್ಡಿಯಿಲ್ಲ, ಒಂದೇ ವೇಗದ ಕ್ಲಿಕ್ ಸದ್ದಿಗೆ ಹಾಡಿದ ಕಚ್ಚಾ ಟ್ರ್ಯಾಕ್ ಮಾತ್ರ ಮೊದಲ ದಿನವೇ ಬೇಕು, ಅದರ ವೇಗ ಮತ್ತೆ ಬದಲಾಗಬಾರದು.

ಹುಡುಗ, ನಿನ್ನ ಹಾಡಿನ ವೇಗ ಎಷ್ಟು? ಚಿತ್ರ ಒಂದೊಂದು ಫ್ರೇಮಿಗೂ ಹೊಸತೋ, ಎರಡು ಫ್ರೇಮಿಗೆ ಒಂದೋ?

ಪಡುಕೆರೆ ಹುಡುಗ
ನಿಮಿಷಕ್ಕೆ 100 ಬೀಟ್. ಸೆಕೆಂಡಿಗೆ 24 ಫ್ರೇಮ್, ಆದರೆ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತೇವೆ, ಅಂದರೆ ಸೆಕೆಂಡಿಗೆ 12 ಚಿತ್ರ. ನಾಲ್ವರಿಗೆ ಅಷ್ಟೇ ಸಾಧ್ಯ.

ಮಣ್ಣಪಳ್ಳ
ನಿಮಿಷಕ್ಕೆ 1440 ಫ್ರೇಮ್. ಅದನ್ನು 100ರಿಂದ ಭಾಗಿಸಿದರೆ ಒಂದು ಬೀಟಿಗೆ 14.4 ಫ್ರೇಮ್. ನಿಮ್ಮ ಏಡಿಯ ಕಾಲು ತಾಳಕ್ಕೆ ಸರಿಯಾಗಿ ನೆಲ ಮುಟ್ಟಬೇಕೆಂದರೆ ಪ್ರತಿ ಬೀಟೂ ಫ್ರೇಮುಗಳ ನಡುವೆ ಎಲ್ಲೋ ಬೀಳುತ್ತದೆ. ಒಮ್ಮೆ 14, ಒಮ್ಮೆ 15 ಎಂದು ಹಂಚಬಹುದು, ಆದರೆ ಒಂದು ಚಿತ್ರಕ್ಕೆ ಎರಡು ಫ್ರೇಮ್ ಇರುವಾಗ ಅದು ಇನ್ನಷ್ಟು ಜಾರುತ್ತದೆ. ನೋಡುವವರಿಗೆ ಯಾಕೆಂದು ತಿಳಿಯುವುದಿಲ್ಲ, ಕುಣಿತ ಒದ್ದೆ ಬಟ್ಟೆಯ ಹಾಗಿದೆ ಎನ್ನುತ್ತಾರೆ ಅಷ್ಟೇ.

ಕೊಡಿಯಾಲದ ಕೇಳುಗ
96 ಇಟ್ಟರೆ ಸರಿಯಾಗಿ 15 ಫ್ರೇಮ್ ಬರುತ್ತದೆ. ಇದಕ್ಕೆ ಇಷ್ಟು ಮಾತು ಬೇಕೇ?

ಮಣ್ಣಪಳ್ಳ
ಹಾಡು ಬೇಡ ಎಂದವರು ಲೆಕ್ಕಕ್ಕೆ ಬಂದಿರಲ್ಲ, ಸಂತೋಷ. 15 ಪೂರ್ಣಸಂಖ್ಯೆ ಹೌದು, ಆದರೆ ಬೆಸ. ಚಿತ್ರ ಎರಡೆರಡು ಫ್ರೇಮಿಗೆ ಬದಲಾಗುವಾಗ ಒಂದು ಬೀಟು ಸರಿ ಕೂರುತ್ತದೆ, ಮರು ಬೀಟು ಚಿತ್ರದ ಹೊಟ್ಟೆಯಲ್ಲಿ ಬೀಳುತ್ತದೆ. ಸಮಸಂಖ್ಯೆ ಬೇಕು: 120ಕ್ಕೆ 12, 90ಕ್ಕೆ 16, 80ಕ್ಕೆ 18. ಇದರಲ್ಲಿ ಯಾವುದು ಎಂಬುದನ್ನು ಸಾಹಿತ್ಯ ನೋಡಿ ಹೇಳಬೇಕು.

ಲಘು ಗುರು
ನಿವೃತ್ತ ಕನ್ನಡ ಉಪನ್ಯಾಸಕ, ಸುಮ್ಮನೆ ಓದುತ್ತಿದ್ದೆ. ಈಗ ಬಾಯಿ ಹಾಕುವ ಸಮಯ ಬಂತು. ತಮ್ಮನ ಪಲ್ಲವಿಯ ಮಾತ್ರೆ ಎಣಿಸಿದೆ. ಕನಸಿ-ನೊಂದು-ಅರಮ-ನೆಯಲಿ, ಮೂರು ಮೂರರ ನಡೆ, ಒಂದೂ ಎಡವಿಲ್ಲ. ಕಿವಿ ಒಳ್ಳೆಯದಿದೆ. ಕಣ್ಣು ಮಾತ್ರ ಇಲ್ಲ. ಕನಸು, ಅರಮನೆ, ಬೆಳಕು: ಇದರಲ್ಲಿ ಏಡಿ ಏನು ಮಾಡುತ್ತದೆ? ಚಿತ್ರಕಾರ ಏನು ಬಿಡಿಸಬೇಕು? ಮಗು ಯಾವುದಕ್ಕೆ ನಗಬೇಕು? ಇದೇ ಹಾಡನ್ನು ಯಾವ ಚಿತ್ರಕ್ಕೂ, ಬೇಕಿದ್ದರೆ ಗೃಹಸಾಲದ ಜಾಹೀರಾತಿಗೂ ಹಾಕಬಹುದು.

ಪಡುಕೆರೆ ಹುಡುಗ
ಕೊನೆಯ ಮಾತು ಚುಚ್ಚಿತು ಮೇಷ್ಟ್ರೇ. ಆದರೆ ಸತ್ಯ.

ಮಣ್ಣಪಳ್ಳ
ಮೂರು ಮಾತ್ರೆಯ ನಡೆಯಾದರೆ 80 ಇಡಿ. ಒಂದು ಬೀಟಿಗೆ 18 ಫ್ರೇಮ್, ಅದರೊಳಗೆ ಮೂರು ಮಾತ್ರೆ, ಮಾತ್ರೆಗೆ 6 ಫ್ರೇಮ್, ಅಂದರೆ ಮೂರು ಚಿತ್ರ. 90 ಇಟ್ಟರೆ 16, ಅದು ಮೂರರಿಂದ ಭಾಗವಾಗುವುದಿಲ್ಲ. ನಾಲ್ಕು ಗಣದ ಒಂದು ಸಾಲಿಗೆ 72 ಫ್ರೇಮ್, ಸರಿಯಾಗಿ ಮೂರು ಸೆಕೆಂಡ್. ಸಾಲಿಗೊಂದು ಶಾಟ್ ಎಂದುಕೊಂಡರೆ ಚಿತ್ರಕಾರರಿಗೆ ಲೆಕ್ಕ ಕೈಯಲ್ಲೇ ಸಿಕ್ಕಿತು.

ಭಟ್ಟರ ಏರುಪದವನ್ನೂ ಬಿಡಬೇಕಾಗಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸುವ ಬದಲು ಒಂದೇ ಮೆಟ್ಟಿಲು ಹತ್ತಿಸಿ: 80ರಿಂದ 120ಕ್ಕೆ. ಆಗ ಬೀಟಿಗೆ 12 ಫ್ರೇಮ್, ಮಾತ್ರೆಗೆ 4, ಸಾಲಿಗೆ ಎರಡು ಸೆಕೆಂಡ್. ಎಲ್ಲವೂ ಸಮಸಂಖ್ಯೆ.

ಹಿಮ್ಮೇಳ ಭಟ್ಟ
ಮೆಟ್ಟಿಲು ಹತ್ತಿಸುವುದು ನನಗೆ ರುಚಿಸುವುದಿಲ್ಲ, ಜಾರುತ್ತಾ ಏರಬೇಕು. ಆದರೆ ನಾನು ಬಾರಿಸುವವನು, ಬಿಡಿಸುವವನಲ್ಲ. ಒಪ್ಪಿದೆ ಎಂದು ಬರೆದುಕೊಳ್ಳಬೇಡಿ, ಸುಮ್ಮನಾದೆ ಎಂದು ಬರೆದುಕೊಳ್ಳಿ.

ಪಿಲಿ ನಲಿಕೆ
ಎಲ್ಲ ಸರಿ, ಮಲ್ಪೆಯ ಏಡಿ ಕನ್ನಡದಲ್ಲಿ ಯಾಕೆ ಹಾಡುತ್ತದೆ? ತುಳುವಿನಲ್ಲಿ ಹಾಡಬೇಕು. ತಾಸೆ, ಡೋಲು ಹಾಕಿ, ಹುಲಿವೇಷದ ಪೆಟ್ಟು ಬೀಳಲಿ.

ಕೊಡಿಯಾಲದ ಕೇಳುಗ
ಬಂತು ನೋಡಿ. ಇನ್ನು ಕೊಂಕಣಿಯವರು ಬರಲಿ, ಬ್ಯಾರಿ ಭಾಷೆಯವರು ಬರಲಿ.

ಬಂಗುಡೆ ಪ್ರಿಯೆ
ಭಾಷೆಯ ಜಗಳ ಆಮೇಲೆ. ನಾನು ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. ನಿಮ್ಮ ಏಡಿಯ ಬಗ್ಗೆಯೇ ನನಗೆ ತಕರಾರಿದೆ. ಸನ್ಯಾಸಿ ಏಡಿಯ ಹಿಂಭಾಗ ಮೆತ್ತಗೆ, ಸುರುಳಿ ಸುತ್ತಿಕೊಂಡಿರುತ್ತದೆ, ಮೇಲೆ ಗಟ್ಟಿ ಕವಚವಿಲ್ಲ. ಬಾಲದ ತುದಿಯಿಂದ ಶಂಖದ ಒಳಗಂಬವನ್ನು ಹಿಡಿದುಕೊಳ್ಳುತ್ತದೆ. ಶಂಖ ಬಿಟ್ಟು ಹೊರಬಂದರೆ ಯಾರ ಬಾಯಿಗಾದರೂ ತುತ್ತಾಗುತ್ತದೆ. ಆದ್ದರಿಂದ ಮನೆ ಬದಲಿಸುವುದು ಕ್ಷಣಗಳ ಕೆಲಸ. ಮೊದಲು ಹೊಸ ಶಂಖವನ್ನು ಕಾಲಿನಿಂದ ಮುಟ್ಟಿ, ಉರುಳಿಸಿ, ಬಾಯಿ ಅಳೆದು ನೋಡುತ್ತದೆ. ಆಮೇಲೆ ಸರಕ್ಕನೆ ಹಾರುತ್ತದೆ. ನಿಮ್ಮ ಪುಟ್ಟಣ ಬರಿಮೈಯಲ್ಲಿ ಗಾಳಿಮರದ ಕೆಳಗೆ ಹಾಡುತ್ತಾ ಕುಳಿತರೆ ಎರಡನೇ ಸಾಲಿಗೆ ಕಾಗೆ ಬರುತ್ತದೆ.

ಇನ್ನೂ ಚೆನ್ನಾದ ವಿಷಯ ಒಂದಿದೆ. ದೊಡ್ಡ ಖಾಲಿ ಶಂಖ ದಂಡೆಗೆ ಬಂದು ಬಿದ್ದರೆ ಏಡಿಗಳು ಸುತ್ತ ಸೇರಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲುತ್ತವೆ. ಅತಿ ದೊಡ್ಡದು ಖಾಲಿ ಶಂಖಕ್ಕೆ ಹಾರಿತೋ, ಅದು ಬಿಟ್ಟ ಶಂಖಕ್ಕೆ ಎರಡನೆಯದು, ಅದರದ್ದಕ್ಕೆ ಮೂರನೆಯದು. ಕಣ್ಣು ಮಿಟುಕಿಸುವುದರೊಳಗೆ ಇಡೀ ಸಾಲು ಮನೆ ಬದಲಿಸಿರುತ್ತದೆ.

ಮಣ್ಣಪಳ್ಳ
ಮಾರಾಯ್ತಿ, ಇದನ್ನು ಮೊದಲೇ ಹೇಳಬಾರದಿತ್ತೇ! ಹಾಡಿನ ಕೊನೆಯ ಭಾಗ ಇದೇ. 120ಕ್ಕೆ ಏರುವುದು ಇಲ್ಲಿಯೇ.

ಪಡುಕೆರೆ ಹುಡುಗ
ನಾನು ಮೂರು ವರ್ಷದಿಂದ ಈ ಕತೆ ಬರೆಯುತ್ತಿದ್ದೇನೆ, ಸಾಲು ನಿಲ್ಲುವ ಸಂಗತಿ ನನಗೆ ಗೊತ್ತೇ ಇರಲಿಲ್ಲ. ನಾಳೆ ಬರುತ್ತೇನೆ.

ಪಡುಕೆರೆ ಹುಡುಗ
ರಾತ್ರಿಯೆಲ್ಲ ಕುಳಿತು ಬರೆದೆ. ಅರಮನೆ ಹೋಯಿತು. ಶುರು ಹೀಗೆ:

*ಬಿಗಿದ ಶಂಖ ಬೆನ್ನ ಹಿಡಿದು*
*ಕಾಲು ಹೊರಗೆ, ಬಾಲ ಒಳಗೆ*
*ನಾಳೆ ಮತ್ತೆ ಬೆಳೆವ ನನಗೆ*
*ಬೇಕು ಬೇಕು ಒಂದು ಮನೆಯು*

ಹುಡುಕಾಟದಲ್ಲಿ ಒಂದೊಂದು ಸಾಲಿಗೆ ಒಂದೊಂದು ವಸ್ತು:

*ಗೆರಟೆ ಒಳಗೆ ಗಾಳಿ ಬಹಳ*
*ಮುಚ್ಚಳಕ್ಕೆ ಬೆನ್ನೆ ಇಲ್ಲ*
*ಡಬ್ಬಿ ತುಂಬ ಸದ್ದು ಮಾತ್ರ*

ಆಮೇಲೆ ಕೈರಂಪಣಿ ಬಲೆಯಲ್ಲಿ ಸಿಕ್ಕಿ, ಅದು ಹರಿದು ತಪ್ಪಿಸಿಕೊಳ್ಳುತ್ತಾನೆ. ಸಾಲು ನಿಂತಾಗ ಎಲ್ಲ ಏಡಿಗಳೂ ಸೇರಿ:

*ನೀನು ಅದಕೆ, ನಾನು ಇದಕೆ*
*ನನ್ನ ಹಳತು ನಿನಗೆ ಹೊಸತು*

ಲಘು ಗುರು
"ಮುಚ್ಚಳಕ್ಕೆ ಬೆನ್ನೆ ಇಲ್ಲ" ಓದಿ ಒಬ್ಬನೇ ನಕ್ಕೆ. ಈಗ ಪ್ರತಿ ಸಾಲಿಗೂ ಒಂದು ಚಿತ್ರವಿದೆ. ಮೊದಲ ಕರಡಿನಲ್ಲಿ ಎರಡನೇ ಚರಣ ಮೊದಲನೆಯದು ಹೇಳಿದ್ದನ್ನೇ ಹೇಳುತ್ತಿತ್ತು, ಈಗ ಗೆರಟೆಯಾದ ಮೇಲೆ ಮುಂದೇನು ಎಂದು ಮಗು ಕಾಯುತ್ತದೆ. ಬಲೆಯ ಸಾಲು ಎಲ್ಲಿ?

ಕೊಡಿಯಾಲದ ಕೇಳುಗ
ಗೆರಟೆ ಎಂದರೆ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ಕರಟ ಎಂದು ಬರೆಯಿರಿ.

ಪಿಲಿ ನಲಿಕೆ
ತಿಳಿಯದಿದ್ದರೆ ಚಿತ್ರ ನೋಡಲಿ, ತೆರೆಯ ಮೇಲೆ ಗೆರಟೆ ಉರುಳುತ್ತಿರುತ್ತದಲ್ಲ!

ಲಘು ಗುರು
ಕರಟವೂ ಮೂರೇ ಮಾತ್ರೆ, ಛಂದಸ್ಸು ಕೆಡುವುದಿಲ್ಲ. ಆದರೆ ಗೆರಟೆ, ಗಾಳಿ ಎಂಬ ಗಕಾರದ ಜೋಡಿ ಹೋಗುತ್ತದೆ. ನನ್ನ ಮತ ಗೆರಟೆಗೆ.

ಪಡುಕೆರೆ ಹುಡುಗ
ಬಲೆಯ ಸಾಲು: *ಬಲೆ ಹರಿದು ದಾರಿ ಬಿಟ್ಟು.* ಇದರಲ್ಲಿ ಒಂದು ತಮಾಷೆಯಾಗಿದೆ. ನಮ್ಮ ಸಂಗೀತದ ಗೆಳೆಯ ಕಚ್ಚಾ ಟ್ರ್ಯಾಕ್ ಕಳಿಸಿದ. ಅಕ್ಕನ ಮಗಳು ಕೇಳಿ, "ಮಾಮ, ಹುಡುಗಿ ಯಾಕೆ ಹರಿದಳು?" ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ.

ಲಘು ಗುರು
ಆಗಲೇಬೇಕಿತ್ತು! "ಬಲೆ" ಎರಡೇ ಮಾತ್ರೆ. ಗಣಕ್ಕೆ ಮೂರು ಬೇಕು. ಹಾಡುವವನು ಕೊರತೆ ತುಂಬಲು ಮೊದಲ ಅಕ್ಷರವನ್ನು ಎಳೆದ, ಬಲೆ ಬಾಲೆಯಾಯಿತು. ಕನ್ನಡದಲ್ಲಿ ಹ್ರಸ್ವ ದೀರ್ಘ ಬರಿಯ ಉಚ್ಚಾರಣೆಯ ಅಲಂಕಾರವಲ್ಲ, ಅರ್ಥವನ್ನೇ ಬದಲಿಸುತ್ತದೆ. ಮಣಿಯನ್ನು ಎಳೆದರೆ ಮಾಣಿ. ದೊಡ್ಡವರು ಸಂದರ್ಭದಿಂದ ಸರಿಪಡಿಸಿಕೊಂಡು ಕೇಳುತ್ತಾರೆ, ಮಗು ಕೇಳಿದ್ದನ್ನೇ ನಂಬುತ್ತದೆ.

ಮದ್ದು ಸುಲಭ. *ಬಲೆಯು ಹರಿದು ದಾರಿ ಬಿಟ್ಟು.* ಮೂರು ಲಘು ತುಂಬಿದವು, ಎಳೆಯಲು ಜಾಗವೇ ಇಲ್ಲ. ಉದ್ದ ಸ್ವರ ಬೇಕಾದಲ್ಲಿ ಆಗಲೇ ದೀರ್ಘವಿರುವ ಅಕ್ಷರ ಕೊಡಿ. "ಬೇಕು" ಎಂಬಲ್ಲಿ ಬೇ ಎಷ್ಟು ಬೇಕಾದರೂ ಎಳೆಯಲಿ, ಕು ಎಳೆಯಬಾರದು.

ಹಿಮ್ಮೇಳ ಭಟ್ಟ
ಮೇಷ್ಟ್ರು ಹೇಳಿದ್ದು ಸರಿ. ಉಕಾರದ ಮೇಲೆ ಎತ್ತರದ ಸ್ವರ ಹಿಡಿದರೆ ಬಾಯಿ ಮುಚ್ಚಿಕೊಂಡು ಶಬ್ದ ಒಳಗೇ ಹೋಗುತ್ತದೆ. ಸಣ್ಣ ಮಕ್ಕಳಿಗಂತೂ ಆಗುವುದೇ ಇಲ್ಲ.

ಮಣ್ಣಪಳ್ಳ
ಈಗ ಚಿತ್ರದ ಮಾತು. ಮೊದಲು ಪಿಲಿ ನಲಿಕೆಯವರಿಗೆ ಒಂದು ಸಿಹಿ ಸುದ್ದಿ. ಏಡಿಗೆ ತುಟಿ ಇಲ್ಲ. ಮನುಷ್ಯ ಪಾತ್ರವಾದರೆ ಪ, ಬ, ಮ ಬಂದಲ್ಲೆಲ್ಲ ತುಟಿ ಮುಚ್ಚಿದ ಚಿತ್ರ ಇಡಲೇಬೇಕು, ಇಲ್ಲದಿದ್ದರೆ ಸುಳ್ಳೆಂದು ತಿಳಿಯುತ್ತದೆ. ಪುಟ್ಟಣನಿಗೆ ಆ ತಾಪತ್ರಯ ಇಲ್ಲ. ಕಣ್ಣಿನ ಕಡ್ಡಿ ಮತ್ತು ದೊಡ್ಡ ಕೊಂಡಿಯೇ ಅವನ ಬಾಯಿ. ಹಾಡುವವನು ಯಾರೆಂದು ಮಗುವಿಗೆ ತಿಳಿಯಲು ಗಣದ ಮೊದಲ ಮಾತ್ರೆಗೆ ಕಣ್ಣು ಒಮ್ಮೆ ಕುಪ್ಪಳಿಸಿದರೆ ಸಾಕು. ಹಾಗೆ ಮಾಡಿದರೆ ಒಂದೇ ಚಿತ್ರಕ್ಕೆ ತುಳು ಹಾಡು, ಕೊಂಕಣಿ ಹಾಡು, ಯಾವುದನ್ನಾದರೂ ಕೂರಿಸಬಹುದು, ಮೂರು ಮಾತ್ರೆಯ ನಡೆ ಉಳಿಸಿಕೊಂಡರೆ.

ಪಿಲಿ ನಲಿಕೆ
ತುಳು ಸಾಹಿತ್ಯ ನಾನು ಬರೆಯುತ್ತೇನೆ. ದುಡ್ಡು ಬೇಡ, ಹೆಸರು ಹಾಕಿ.

ಮಣ್ಣಪಳ್ಳ
ಹುಡುಕಾಟದ ಭಾಗವನ್ನು ಏಡಿಯ ಕಣ್ಣಿನ ಎತ್ತರದಿಂದ ತೋರಿಸಿ. ಗೆರಟೆ ದೇವಸ್ಥಾನದ ಗುಮ್ಮಟದಂತೆ ಕಾಣಲಿ. ಬಂಗುಡೆಯವರು ಹೇಳಿದ ಅಪಾಯವನ್ನು ಬಿಟ್ಟುಕೊಡಬೇಡಿ: ಡಬ್ಬಿಯ ಸಾಲಿನ ನಂತರ ಹಾಡು ನಿಲ್ಲಲಿ. ಎರಡು ಸಾಲಿನಷ್ಟು, ಅಂದರೆ ಆರು ಸೆಕೆಂಡ್, ವಾದ್ಯವೂ ಇಲ್ಲ. ಬಲೆ ಅವನ ಶಂಖವನ್ನು ಕಿತ್ತುಕೊಂಡಿದೆ, ಅವನು ಬರಿಮೈಯಲ್ಲಿದ್ದಾನೆ, ಮರಳಿನ ಮೇಲೆ ಕಾಗೆಯ ನೆರಳು. ಅಲೆಯ ಸದ್ದು ಮಾತ್ರ. ಮಕ್ಕಳು ಅಲ್ಲಿ ಉಸಿರು ಹಿಡಿಯದಿದ್ದರೆ ನನ್ನನ್ನು ಕೇಳಿ. ಆಮೇಲೆ ಅಲೆ ದೊಡ್ಡ ಶಂಖವನ್ನು ತಂದು ಎಸೆಯುತ್ತದೆ, 120ರ ತಾಳ ಶುರು.

ಅಲ್ಲಿ ಕ್ಯಾಮೆರಾ ಅಲುಗಾಡಬಾರದು. ಸಾಲನ್ನು ಪಕ್ಕದಿಂದ ತೋರಿಸಿ, ಎಡಕ್ಕೆ ಚಿಕ್ಕದು, ಬಲಕ್ಕೆ ದೊಡ್ಡದು. ನಾವು ಓದುವುದು ಎಡದಿಂದ ಬಲಕ್ಕೆ, ಬಲಕ್ಕೆ ಹಾರಿದರೆ ಮುಂದೆ ಹೋದಂತೆ ಅನಿಸುತ್ತದೆ. ಪ್ರತಿ ಗಣಕ್ಕೆ ಒಂದು ಏಡಿ ಹಾರಲಿ, 12 ಫ್ರೇಮಿಗೊಂದು. ಶಂಖಕ್ಕೆ ಬಿದ್ದ ಚಿತ್ರ ಸದ್ದಿಗಿಂತ ಒಂದೆರಡು ಫ್ರೇಮ್ ಮೊದಲೇ ಬರಲಿ, ಆಗಲೇ ಒಟ್ಟಿಗೆ ಆದಂತೆ ಕಾಣುವುದು.

ಪಡುಕೆರೆ ಹುಡುಗ
ಆದರೆ ಅಕ್ಕ, ಆಗ ಬಲೆಯ ಸಾಲು ಎಲ್ಲಿ? ಬಲೆ ಮೌನದಲ್ಲಿ ಬಂದರೆ ಅದನ್ನು ಹಾಡುವುದು ಬೇಡ ಎಂದಾಯಿತು.

ಮಣ್ಣಪಳ್ಳ
ಬೇಡ. ಕಣ್ಣಿಗೆ ಕಾಣುವುದನ್ನು ಹಾಡಿ ಹೇಳಬೇಕಾಗಿಲ್ಲ.

ಲಘು ಗುರು
ನಾನು ಅಷ್ಟು ಕಷ್ಟಪಟ್ಟು ತಿದ್ದಿದ ಸಾಲು ಹೋಯಿತು! ಅನ್ಯಾಯ. ಆ ಮೌನ ಒಳ್ಳೆಯದೆಂದು ಒಪ್ಪುತ್ತೇನೆ, ಆದರೂ ಅನ್ಯಾಯ.

ಪಡುಕೆರೆ ಹುಡುಗ
ಲೆಕ್ಕ ಹಾಕಿದೆ. ಬಿಗಿಯಾಗುವ ಭಾಗ ಎಂಟು ಸಾಲು, 24 ಸೆಕೆಂಡ್. ಹುಡುಕಾಟ ಹನ್ನೆರಡು ಸಾಲು, 36. ಮೌನ 6. ಮನೆ ಬದಲಿಸುವ ಕುಣಿತ ಹನ್ನೆರಡು ಸಾಲು, 24. ಒಟ್ಟು ಒಂದೂವರೆ ನಿಮಿಷ, 1080 ಚಿತ್ರ. ಹಳೆಯ ಹಾಡಿಗೆ 2280 ಬೇಕಿತ್ತು. ನಮ್ಮ ಚಿತ್ರಕಾರ ಈ ಸುದ್ದಿ ಕೇಳಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ.

ಕೊಡಿಯಾಲದ ಕೇಳುಗ
ಒಂದೂವರೆ ನಿಮಿಷವಾದರೆ ನಾನೂ ಕುಳಿತು ನೋಡುತ್ತೇನೆ.

ಕಾಪು ಟೀಚರ್
ತಮ್ಮ, ಕಳಿಸಿದ ಕಚ್ಚಾ ಟ್ರ್ಯಾಕನ್ನು ನಮ್ಮ ಎರಡನೇ ತರಗತಿಗೆ ಕೇಳಿಸಿದೆ, ಸಾಲು ಕಟ್ಟುವ ಆಟವನ್ನೂ ಆಡಿಸಿದೆ. ಒಬ್ಬ ಹುಡುಗ ಕೇಳಿದ, ಎಲ್ಲರೂ ದೊಡ್ಡ ಮನೆಗೆ ಹೋದರೆ ಕೊನೆಯ ಪುಟ್ಟ ಶಂಖ ಯಾರಿಗೆ ಎಂದು. ನನಗೆ ಉತ್ತರ ಗೊತ್ತಾಗಲಿಲ್ಲ.

ಬಂಗುಡೆ ಪ್ರಿಯೆ
ಯಾರಿಗೂ ಇಲ್ಲ ಟೀಚರ್. ಅದು ಖಾಲಿ ಉಳಿಯುತ್ತದೆ, ಇನ್ನೂ ಚಿಕ್ಕದೊಂದು ಬರುವ ತನಕ.

ಪಡುಕೆರೆ ಹುಡುಗ
ಹಾಗಾದರೆ ಹಾಡಿನ ಕೊನೆಯ ಶಾಟ್ ಅದೇ. ಎಲ್ಲರೂ ಚೌಕಟ್ಟಿನಿಂದ ಬಲಕ್ಕೆ ಹೋಗಿದ್ದಾರೆ, ಎಡಗಡೆ ಖಾಲಿ ಶಂಖ ಒಂದೇ. ಎಷ್ಟು ಹೊತ್ತು ಹಿಡಿಯಲಿ ಅಕ್ಕ?

ಮಣ್ಣಪಳ್ಳ
ಒಂದು ಸಾಲು. 48 ಫ್ರೇಮ್. ಹಾಡು ಬೇಡ, ತಾಳ ಮಾತ್ರ.

ಹಿಮ್ಮೇಳ ಭಟ್ಟ
ಎರಡು ಸಾಲು ಕೊಡಿ. ಮೊದಲನೆಯದರಲ್ಲಿ ತಾಳ, ಎರಡನೆಯದರಲ್ಲಿ ಅದೂ ಬೇಡ.

ಮಣ್ಣಪಳ್ಳ
ಭಟ್ಟರೇ, ಅಷ್ಟು ಹೊತ್ತಿಗೆ ನೀರು ಕುಡಿಯಲು ಏಳುತ್ತಾರೆ.